ಎರಡನೇ ಕರಡಿಗೂ ಒಂದು ಪೀರಿಯಡ್ ಬೇಕು

ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಕೂತ ಕನ್ನಡ ಮೇಷ್ಟ್ರುಗಳನ್ನು ಕೇಳಿ ನೋಡಿ. ‘ಗ್ರಂಥಾಲಯಗಳ ಮಹತ್ವ’ ಎಂಬ ಪ್ರಬಂಧ ಬಂದ ವರ್ಷ, ಒಂದೇ ಬಂಡಲಿನ ಎಷ್ಟೋ ಉತ್ತರ ಪತ್ರಿಕೆಗಳು ಒಂದೇ ವಾಕ್ಯದಿಂದ ಶುರುವಾಗುತ್ತವೆ: ‘ಗ್ರಂಥಾಲಯಗಳು ಜ್ಞಾನದ ಭಂಡಾರಗಳು.’ ಕೊನೆಯ ವಾಕ್ಯವೂ ಬಹುತೇಕ ಒಂದೇ: ‘ಆದ್ದರಿಂದ ನಾವೆಲ್ಲರೂ ಗ್ರಂಥಾಲಯಗಳನ್ನು ಸದುಪಯೋಗಪಡಿಸಿಕೊಳ್ಳಬೇಕು.’ ನಡುವೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ತಲೆಬರಹ. ಕಾಗುಣಿತ ಸರಿ, ಅಕ್ಷರ ದುಂಡಗೆ, ಅಂಕವೂ ಬರುತ್ತದೆ. ಆದರೆ ಬರೆದ ಮಗು ಯಾವ ಊರಿನದು, ಒಮ್ಮೆಯಾದರೂ ಗ್ರಂಥಾಲಯದ ಮೆಟ್ಟಿಲು ಹತ್ತಿದೆಯೇ ಎಂಬುದು ಆ ಹಾಳೆಯಿಂದ ಗೊತ್ತಾಗುವುದಿಲ್ಲ.

ಇದಕ್ಕೆ ಮಕ್ಕಳನ್ನು ದೂರಬೇಕಾಗಿಲ್ಲ. ಹತ್ತನೇ ತರಗತಿಯಲ್ಲಿ ನಾವು ಪ್ರಬಂಧ ‘ಬರೆಸುತ್ತೇವೆ’. ವಿಷಯ ಕೊಡುತ್ತೇವೆ, ಒಂದು ಮಾದರಿ ಹೇಳಿ ಬರೆಸುತ್ತೇವೆ, ಇಲ್ಲವೇ ಗೈಡ್ ನೋಡಿಕೊಳ್ಳಿ ಎನ್ನುತ್ತೇವೆ. ಮಗು ಒಂದೇ ಸಲ ಕೂತು ಬರೆದು ತಂದದ್ದನ್ನು ಕೆಂಪು ಇಂಕಿನಲ್ಲಿ ತಿದ್ದಿ ವಾಪಸ್ ಕೊಡುತ್ತೇವೆ. ಮಗು ಕೆಂಪು ಗೆರೆಗಳನ್ನು ಎಣಿಸುತ್ತದೆ, ಅಂಕ ನೋಡುತ್ತದೆ, ಪುಸ್ತಕ ಮುಚ್ಚುತ್ತದೆ. ಅದೇ ಪ್ರಬಂಧವನ್ನು ಎರಡನೇ ಸಲ ಬರೆಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ನನ್ನ ಮಟ್ಟಿಗೆ ಪ್ರಬಂಧ ಪಾಠ ಸೋಲುವುದು ಇಲ್ಲಿಯೇ.

ಪ್ರಬಂಧಕ್ಕೆ ನಲವತ್ತು ನಿಮಿಷದ ನಾಲ್ಕು ಪೀರಿಯಡ್ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಇದೇ ಸವಕಲು ವಿಷಯವನ್ನು ಹಿಡಿದುಕೊಂಡು ನೋಡೋಣ. ಮೊದಲನೆಯದು ಯೋಜನೆಗೆ, ಎರಡನೆಯದು ಕರಡಿಗೆ, ಮೂರನೆಯದು ಪಕ್ಕದ ಗೆಳೆಯರ ಓದಿಗೆ, ನಾಲ್ಕನೆಯದು ಪರಿಷ್ಕರಣೆಗೆ. ಸಾಲಾಗಿ ನಾಲ್ಕು ದಿನ ಬೇಡ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಒಂದೆರಡು ದಿನ ಬಿಡಬೇಕು. ನಿನ್ನೆ ಬರೆದದ್ದನ್ನು ಇಂದು ಓದುವ ಮಗುವಿಗೆ ಹಾಳೆಯ ಮೇಲೆ ಇಲ್ಲದ ಮಾತೂ ಇದ್ದಂತೆ ಕಾಣುತ್ತದೆ. ಎರಡು ದಿನ ಬಿಟ್ಟು ಓದಿದಾಗ ಇಲ್ಲದ್ದು ಇಲ್ಲವೆಂದೇ ಕಾಣುತ್ತದೆ.

ಯೋಜನೆಯ ಪೀರಿಯಡ್ಡಿನಲ್ಲಿ ಮೊದಲ ಹತ್ತು ನಿಮಿಷ ಪಟ್ಟಿ ಮಾಡುವುದಕ್ಕೆ. ಪ್ರತಿಯೊಬ್ಬರೂ ತಮ್ಮ ರಫ್ ಪುಸ್ತಕದಲ್ಲಿ, ಯಾರೊಂದಿಗೂ ಮಾತಾಡದೆ, ಗ್ರಂಥಾಲಯದ ಬಗ್ಗೆ ತಾವು ಕಂಡದ್ದು, ಕೇಳಿದ್ದು, ಮಾಡಿದ್ದನ್ನು ತುಂಡು ತುಂಡಾಗಿ ಬರೆಯಬೇಕು. ವಾಕ್ಯ ಬೇಕಿಲ್ಲ. ‘ಮಹತ್ವ’, ‘ಉಪಯೋಗ’, ‘ಜ್ಞಾನ’ ಎಂಬ ಮೂರು ಪದಗಳನ್ನು ಆ ಹತ್ತು ನಿಮಿಷ ಬಳಸುವಂತಿಲ್ಲ. ಈ ಒಂದು ನಿರ್ಬಂಧ ಗೈಡಿನ ಬಾಗಿಲು ಮುಚ್ಚುತ್ತದೆ. ಮೊದಲು ತರಗತಿ ತಬ್ಬಿಬ್ಬಾಗುತ್ತದೆ. ಮೂರ್ನಾಲ್ಕು ನಿಮಿಷ ಕಳೆದ ಮೇಲೆ ‘ಪೇಪರ್ ಓದುವ ಅಜ್ಜ’, ‘ಬೀಗ’, ‘ಪಂಚಾಯಿತಿ ಪಕ್ಕ’, ‘ಪೊಲೀಸ್ ಪರೀಕ್ಷೆಗೆ ಓದುವ ಅಣ್ಣಂದಿರು’ ಎಂಬಂಥವು ಇಳಿಯಲು ಶುರುವಾಗುತ್ತವೆ. ಗ್ರಂಥಾಲಯವನ್ನೇ ನೋಡಿಲ್ಲ ಎನ್ನುವ ಮಗುವೂ ಇರುತ್ತದೆ. ಅದು ‘ನೋಡಿಲ್ಲ’ ಎಂದೇ ಬರೆಯಲಿ, ಯಾಕೆ ನೋಡಿಲ್ಲ ಎಂಬುದನ್ನೂ ಬರೆಯಲಿ. ಒಳ್ಳೆಯ ಪ್ರಬಂಧಕ್ಕೆ ಅಷ್ಟು ಬಂಡವಾಳ ಸಾಕು.

ಆಮೇಲೆ ಮೇಷ್ಟ್ರು ಒಂದೆರಡು ಸಂಗತಿ ಸೇರಿಸಬಹುದು. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳಿಗೆ 1965ರ ಕಾಯ್ದೆಯೇ ಇದೆ. ಆಸ್ತಿ ತೆರಿಗೆಯ ಜತೆಗೆ ಗ್ರಂಥಾಲಯ ಕರವೂ ವಸೂಲಾಗುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರ ಎಂಬ ಹೆಸರಿನಲ್ಲಿ ನಡೆಯುತ್ತಿವೆ. ಮನೆ ಕಂದಾಯದ ರಸೀದಿಯಲ್ಲಿ ಆ ಕರದ ಸಾಲು ಇದೆಯೇ ನೋಡಿಕೊಂಡು ಬನ್ನಿ ಎಂದರೆ, ನಾವು ದುಡ್ಡು ಕೊಟ್ಟ ಗ್ರಂಥಾಲಯ ಎಂಬ ಭಾವ ಮಕ್ಕಳಲ್ಲಿ ಮೂಡುತ್ತದೆ. ಇದಕ್ಕಿಂತ ಹೆಚ್ಚು ಮಾಹಿತಿ ಸುರಿಯಬಾರದು. ಸುರಿದರೆ ಮಕ್ಕಳು ತಮ್ಮ ಪಟ್ಟಿ ಬಿಟ್ಟು ಮೇಷ್ಟ್ರ ಮಾತನ್ನೇ ಬರೆಯುತ್ತಾರೆ.

ಉಳಿದ ಸಮಯದಲ್ಲಿ ಎರಡು ಕೆಲಸ. ಪಟ್ಟಿಯಲ್ಲಿ ಒಂದಕ್ಕೊಂದು ಹೊಂದುವ ಅಂಶಗಳಿಗೆ ಒಂದೇ ಅಂಕೆ ಹಾಕಿ ಮೂರು ನಾಲ್ಕು ಗುಂಪು ಮಾಡುವುದು ಮೊದಲನೆಯದು. ಮುಂದೆ ಒಂದೊಂದು ಗುಂಪೂ ಒಂದೊಂದು ಪ್ಯಾರಾ ಆಗುತ್ತದೆ. ‘ಈ ಪ್ರಬಂಧದಲ್ಲಿ ನಾನು ಹೇಳುವುದು...’ ಎಂದು ಶುರುವಾಗುವ ಒಂದೇ ಒಂದು ವಾಕ್ಯ ಬರೆಯುವುದು ಎರಡನೆಯದು. ಯೋಜನೆ ನಿಜವಾಗಿ ಆಗಿದೆಯೇ ಎಂದು ತಿಳಿಯಲು ಸುಲಭವಾದ ಪರೀಕ್ಷೆಯಿದೆ. ‘ಗ್ರಂಥಾಲಯ’ ಎಂಬ ಪದ ಅಳಿಸಿ ಅಲ್ಲಿ ‘ಕ್ರೀಡೆ’ ಎಂದು ಬರೆಯಿರಿ. ಆಗಲೂ ಯೋಜನೆ ಹಾಗೇ ನಿಂತರೆ ಅದು ಯೋಜನೆಯಲ್ಲ, ಖಾಲಿ ಚೌಕಟ್ಟು. ‘ಪೀಠಿಕೆ–ಅರ್ಥ–ಉಪಯೋಗಗಳು–ಉಪಸಂಹಾರ’ ಎಂಬುದು ಈ ಪರೀಕ್ಷೆಯಲ್ಲಿ ಯಾವತ್ತೂ ಫೇಲು.

ಕರಡಿನ ಪೀರಿಯಡ್ಡಿನ ನಿಯಮಗಳು ಕಡಿಮೆ, ಆದರೆ ಅವುಗಳಲ್ಲಿ ರಾಜಿ ಮಾಡಿಕೊಳ್ಳಬಾರದು. ಹಾಳೆಯ ಒಂದೇ ಮಗ್ಗುಲಲ್ಲಿ, ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಬರೆಯಬೇಕು. ರಬ್ಬರ್ ಬಳಸುವಂತಿಲ್ಲ, ಬೇಡವಾದದ್ದಕ್ಕೆ ಒಂದು ಅಡ್ಡಗೆರೆ ಸಾಕು. ಕಾಗುಣಿತದಲ್ಲಿ ಅನುಮಾನ ಬಂದರೆ ಪದಕ್ಕೆ ಸುತ್ತು ಹಾಕಿ ಮುಂದೆ ಹೋಗಬೇಕು, ಮೇಷ್ಟ್ರನ್ನು ಕೇಳಬಾರದು. ಪೀಠಿಕೆಯಿಂದ ಶುರು ಮಾಡಬಾರದು, ತನಗೆ ಹೆಚ್ಚು ಗೊತ್ತಿರುವ ಗುಂಪಿನಿಂದಲೇ ಬರೆಯಲು ಹೊರಡಬೇಕು. ಕೊನೆಯ ನಿಯಮಕ್ಕೆ ಕಾರಣವಿದೆ. ಪೀಠಿಕೆ ಬರೆಯುವಾಗ ಮಗುವಿಗೆ ತಾನು ಏನು ಹೇಳಲಿದ್ದೇನೆ ಎಂದು ಇನ್ನೂ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಜಾಗವನ್ನು ‘ಜ್ಞಾನದ ಭಂಡಾರ’ ಬಂದು ತುಂಬಿಬಿಡುತ್ತದೆ.

ಇಲ್ಲಿ ಕನ್ನಡಕ್ಕೇ ಸಂಬಂಧಪಟ್ಟ ಒಂದು ತೊಡಕನ್ನು ಹೇಳಲೇಬೇಕು. ಮನೆಯಲ್ಲಿ ‘ಹೋಗ್ತೀವ್ರಿ’ ಎನ್ನುವ ಮಗು, ‘ಹೋಯ್ತೀವಿ’ ಎನ್ನುವ ಮಗು, ಮನೆಯಲ್ಲಿ ತುಳುವನ್ನೋ ಉರ್ದುವನ್ನೋ ಲಂಬಾಣಿಯನ್ನೋ ಆಡುವ ಮಗು, ಎಲ್ಲರೂ ಬರೆಯಲು ಕೂತಾಗ ಗ್ರಾಂಥಿಕ ಕನ್ನಡದ ಮುಂದೆ ನಿಂತುಬಿಡುತ್ತಾರೆ. ತಮ್ಮ ಮಾತು ಬರಹಕ್ಕೆ ತಕ್ಕದ್ದಲ್ಲ ಎಂಬ ಅಳುಕಿಗೆ, ಬಾಯಿಪಾಠ ಬಂದ ವಾಕ್ಯಗಳ ಆಸರೆ ಹುಡುಕುತ್ತಾರೆ. ಮೊದಲ ಕರಡನ್ನು ಮನೆಮಾತಿನಲ್ಲೇ ಬರೆಯಬಹುದು ಎಂದು ಬಾಯಿಬಿಟ್ಟು ಹೇಳಬೇಕು, ಕಪ್ಪುಹಲಗೆಯ ಮೇಲೆ ಬರೆದೂ ಇಡಬೇಕು. ‘ಹೋಗ್ತೀವ್ರಿ’ಯನ್ನು ‘ಹೋಗುತ್ತೇವೆ’ ಮಾಡಲು ನಾಲ್ಕನೇ ಪೀರಿಯಡ್ ಇದೆ. ಮೊದಲೇ ಬಾರದ ಮಾತನ್ನು ಯಾವ ಪೀರಿಯಡ್ಡಿನಲ್ಲೂ ತಿದ್ದಲಾಗುವುದಿಲ್ಲ.

ಒಬ್ಬ ವಿದ್ಯಾರ್ಥಿನಿಯ ಕರಡಿನ ಒಂದು ಪ್ಯಾರಾ ಹೀಗಿದೆ ಎಂದುಕೊಳ್ಳೋಣ:

‘ಗ್ರಂಥಾಲಯಗಳು ಜ್ಞಾನದ ಭಂಡಾರಗಳು. ಗ್ರಂಥಾಲಯಗಳಿಂದ ಅನೇಕ ಉಪಯೋಗಗಳಿವೆ. ನಮ್ಮ ಊರಿನಲ್ಲಿಯೂ ಗ್ರಂಥಾಲಯ ಇದೆ. ಅಲ್ಲಿ ತುಂಬಾ ಜನ ಓದುತ್ತಾರೆ. ಆದರೆ ಹೆಣ್ಣುಮಕ್ಕಳು ಹೆಚ್ಚು ಹೋಗುವುದಿಲ್ಲ. ಆದ್ದರಿಂದ ನಾವೆಲ್ಲರೂ ಗ್ರಂಥಾಲಯಗಳನ್ನು ಸದುಪಯೋಗಪಡಿಸಿಕೊಳ್ಳಬೇಕು.’

ಕೆಂಪು ಪೆನ್ನಿಗೆ ಇಲ್ಲಿ ಕೆಲಸವೇ ಇಲ್ಲ, ತಪ್ಪುಗಳೇ ಇಲ್ಲ. ನಮ್ಮ ರೂಢಿಯಂತೆ ‘ಉತ್ತಮ’ ಎಂದು ಬರೆದು ಸಹಿ ಹಾಕಿ ಮುಂದೆ ಹೋಗುತ್ತೇವೆ. ಆದರೆ ಐದನೇ ವಾಕ್ಯ ನೋಡಿ. ಇಡೀ ಪ್ಯಾರಾದಲ್ಲಿ ಆ ಹುಡುಗಿಗೆ ಮಾತ್ರ ಗೊತ್ತಿರುವ ಸಂಗತಿ ಅದೊಂದೇ. ಅದನ್ನು ಬರೆದವಳೇ ಗಮನಿಸದೆ, ಮರುವಾಕ್ಯಕ್ಕೆ ಗೈಡಿನ ದಾರಿ ಹಿಡಿದಿದ್ದಾಳೆ. ಆ ವಾಕ್ಯದ ಬಳಿ ಅವಳನ್ನು ಮತ್ತೆ ಕರೆದುಕೊಂಡು ಬರುವುದೇ ಮೂರನೇ ಪೀರಿಯಡ್ಡಿನ ಕೆಲಸ. ಐವತ್ತು ಮಕ್ಕಳ ಸೆಕ್ಷನ್ನಿನಲ್ಲಿ ಮೇಷ್ಟ್ರೊಬ್ಬರಿಂದಲೇ ಇದನ್ನು ಮಾಡಲಾಗದು. ಪಕ್ಕದ ಬೆಂಚಿನವರು ಮಾಡಬಹುದು.

ಆದರೆ ‘ಒಬ್ಬರದನ್ನೊಬ್ಬರು ಓದಿ ಅಭಿಪ್ರಾಯ ಹೇಳಿ’ ಎಂದಷ್ಟೇ ಹೇಳಿ ಕೂರಿಸಿದರೆ ಪೀರಿಯಡ್ ಹಾಳಾಗುವುದು ಖಂಡಿತ. ಮೂರು ಬಗೆಯ ಫಲ ಸಿಗುತ್ತದೆ. ಗೆಳತಿಯದಾದರೆ ‘ಸೂಪರ್ ಆಗಿದೆ’. ಆಗದವರದ್ದಾದರೆ ‘ಏನೂ ಚೆನ್ನಾಗಿಲ್ಲ’. ಓದುವವರು ತರಗತಿಯ ಜಾಣರಾದರೆ ಮೇಷ್ಟ್ರ ಅವತಾರ ತಾಳಿ ಒತ್ತಕ್ಷರ ತಿದ್ದಲು ಶುರು. ಈ ಮೂರರಲ್ಲಿ ಯಾವುದರಿಂದಲೂ ಬರೆದವರಿಗೆ ಮುಂದೇನು ಮಾಡಬೇಕೆಂದು ತಿಳಿಯುವುದಿಲ್ಲ. ಹಾಗಾಗಿ ಅಭಿಪ್ರಾಯವನ್ನೇ ಕೇಳಬಾರದು. ಓದುವವರಿಗೆ ಮಾಡಲು ಮೂರು ಕೆಲಸ ಕೊಡಬೇಕು.

ಮೊದಲು, ಜೋಡಿಯ ಕರಡನ್ನು ಬರೆದವರಿಗೆ ಕೇಳುವಂತೆ ಓದಬೇಕು. ಬೇರೆಯವರ ಬಾಯಲ್ಲಿ ತನ್ನ ವಾಕ್ಯ ಕೇಳುವಾಗ ಎಲ್ಲಿ ಉಸಿರು ಕಟ್ಟುತ್ತದೆ, ಎಲ್ಲಿ ಅರ್ಥ ತಪ್ಪುತ್ತದೆ ಎಂಬುದು ಬರೆದವರಿಗೆ ತಾನಾಗಿ ತಿಳಿಯುತ್ತದೆ. ಎರಡನೆಯದಾಗಿ, ಹಾಳೆ ಮಗುಚಿಟ್ಟು, ‘ನೀನು ಹೇಳಿದ್ದು ಇದು’ ಎಂದು ಒಂದೇ ವಾಕ್ಯದಲ್ಲಿ ಹೇಳಬೇಕು. ಆ ವಾಕ್ಯ ಯೋಜನೆಯ ದಿನ ಬರೆದ ವಾಕ್ಯಕ್ಕೆ ಹೊಂದದಿದ್ದರೆ ಎಲ್ಲೋ ದಾರಿ ತಪ್ಪಿದೆ ಎಂದು ಅರ್ಥ. ಮೂರನೆಯದಾಗಿ, ಒಂದು ಚೀಟಿಯಲ್ಲಿ ಎರಡು ಪ್ರಶ್ನೆ ಬರೆಯಬೇಕು. ಪ್ರಶ್ನೆಗಳಲ್ಲಿ ಯಾರು, ಎಲ್ಲಿ, ಯಾವಾಗ, ಹೇಗೆ, ಯಾಕೆ, ಎಷ್ಟು ಇವುಗಳಲ್ಲಿ ಒಂದು ಇರಲೇಬೇಕು. ‘ಇನ್ನೂ ಚೆನ್ನಾಗಿ ಬರೆಯಬಹುದಿತ್ತಲ್ಲವೇ?’ ಎಂಬುದು ಪ್ರಶ್ನೆಯಲ್ಲ. ಬರೆದವರು ಅಲ್ಲೇ ಉತ್ತರ ಹೇಳಬಾರದು, ವಾದಿಸಬಾರದು. ಬಾಯಲ್ಲಿ ಉತ್ತರ ಹೇಳಿಬಿಟ್ಟರೆ ಅದನ್ನು ಬರೆಯುವ ಹುಮ್ಮಸ್ಸು ಅಲ್ಲಿಗೇ ತೀರಿಹೋಗುತ್ತದೆ.

ಇದನ್ನು ಮಕ್ಕಳಿಗೆ ಬಿಡುವ ಮುಂಚೆ ಮೇಷ್ಟ್ರು ಒಮ್ಮೆ ಮಾಡಿ ತೋರಿಸಲೇಬೇಕು. ತಾವೇ ಬರೆದ ಕರಡನ್ನೋ ಹಿಂದಿನ ವರ್ಷದ ಹೆಸರಿಲ್ಲದ ಕರಡನ್ನೋ ಹಲಗೆಯ ಮೇಲೆ ಬರೆದು, ಇಡೀ ತರಗತಿಯಿಂದ ಪ್ರಶ್ನೆ ಪಡೆದು, ಯಾವ ಪ್ರಶ್ನೆ ಕೆಲಸಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಹತ್ತು ನಿಮಿಷ ಮಾತಾಡಬೇಕು. ಈ ಹತ್ತು ನಿಮಿಷ ಉಳಿಸಲು ಹೋದವರು ಉಳಿದ ಮೂವತ್ತನ್ನೂ ಕಳೆದುಕೊಳ್ಳುತ್ತಾರೆ.

ಜೋಡಿ ಮಾಡುವುದರಲ್ಲೂ ಎಚ್ಚರ ಬೇಕು. ‘ಜಾಣ’ರನ್ನು ‘ದಡ್ಡ’ರ ಜತೆ ಕೂರಿಸಿದರೆ ಒಬ್ಬರು ಟ್ಯೂಷನ್ ಹೇಳುತ್ತಾರೆ, ಇನ್ನೊಬ್ಬರು ತಲೆ ತಗ್ಗಿಸುತ್ತಾರೆ. ಸರಿಸುಮಾರು ಸಮಾನ ಬಲದವರು ಒಟ್ಟಿಗಿರುವುದು ಮೇಲು. ಗೈರುಹಾಜರಿ ಹೆಚ್ಚಿರುವ ಕಡೆ ಇಬ್ಬರ ಬದಲು ಮೂವರ ಗುಂಪು ಒಳ್ಳೆಯದು, ಒಬ್ಬರು ಬಾರದಿದ್ದರೂ ಕೆಲಸ ನಿಲ್ಲುವುದಿಲ್ಲ. ಮನೆಮಾತಿನಲ್ಲಿ ಬರೆದ ಕರಡನ್ನು ಓದುವಾಗ ಯಾರಾದರೂ ನಕ್ಕರೆ ಆ ಕ್ಷಣವೇ ನಿಲ್ಲಿಸಿ ಮಾತಾಡಬೇಕು. ಒಂದು ನಗುವನ್ನು ಕಂಡೂ ಕಾಣದಂತೆ ಬಿಟ್ಟರೆ ಆ ಮಗು ಆ ವರ್ಷವಿಡೀ ಗೈಡಿನ ಕನ್ನಡ ಬಿಟ್ಟು ಬೇರೇನನ್ನೂ ಬರೆಯುವುದಿಲ್ಲ. ನಮ್ಮ ತರಗತಿಗಳಲ್ಲಿ ಜಾತಿಯೂ ಬೆಂಚು ಹಂಚಿಕೊಂಡು ಕೂತಿರುತ್ತದೆ, ಅದನ್ನು ಮೇಷ್ಟ್ರು ಮರೆಯುವಂತಿಲ್ಲ.

ಆ ಹುಡುಗಿಯ ಗೆಳತಿ ಚೀಟಿಯಲ್ಲಿ ಬರೆದದ್ದು ಎರಡೇ ಪ್ರಶ್ನೆ: ‘ಹೆಣ್ಣುಮಕ್ಕಳು ಯಾಕೆ ಹೋಗಲ್ಲ? ಅದು ಎಷ್ಟು ಹೊತ್ತಿಗೆ ತೆಗೆಯುತ್ತೆ?’ ಎಂದು ಇಟ್ಟುಕೊಳ್ಳಿ. ಹದಿನೈದು ವರ್ಷದ ಯಾರು ಬೇಕಾದರೂ ಕೇಳಬಹುದಾದ ಸಾದಾ ಪ್ರಶ್ನೆಗಳಿವು. ನಾಲ್ಕನೇ ಪೀರಿಯಡ್ಡಿನಲ್ಲಿ ಅವಳ ಪ್ಯಾರಾ ಹೀಗಾಗುತ್ತದೆ:

‘ನಮ್ಮ ಊರಿನ ಗ್ರಂಥಾಲಯ ಪಂಚಾಯಿತಿ ಕಚೇರಿಯ ಪಕ್ಕದಲ್ಲಿದೆ. ಶಾಲೆ ಬಿಟ್ಟು ನಾವು ಮನೆ ಸೇರುವಾಗ ಐದು ಗಂಟೆ. ಹುಡುಗರು ಬ್ಯಾಗು ಇಟ್ಟು ಅಲ್ಲಿಗೆ ಹೋಗುತ್ತಾರೆ. ನಾವು ನೀರು ಹಿಡಿಯಬೇಕು, ಪಾತ್ರೆ ತೊಳೆಯಬೇಕು, ಅಮ್ಮ ಕೂಲಿಯಿಂದ ಬರುವವರೆಗೆ ತಮ್ಮನನ್ನು ನೋಡಿಕೊಳ್ಳಬೇಕು. ಅಷ್ಟರಲ್ಲಿ ಗ್ರಂಥಾಲಯದ ಬಾಗಿಲು ಹಾಕಿರುತ್ತದೆ. ನಮಗೂ ಓದಲು ಇಷ್ಟ. ಒಂದು ಪುಸ್ತಕವನ್ನು ವಾರದ ಮಟ್ಟಿಗೆ ಮನೆಗೆ ಕೊಟ್ಟರೆ ನಾವು ರಾತ್ರಿ ಓದಬಹುದು.’

ಮೊದಲ ಎರಡು ವಾಕ್ಯ ಹೋಗಿವೆ. ಯಾರೂ ತೆಗೆಯಲು ಹೇಳಲಿಲ್ಲ, ಹೇಳಬೇಕಾದದ್ದು ಸಿಕ್ಕಿದ ಮೇಲೆ ಅವಕ್ಕೆ ಜಾಗ ಉಳಿಯಲಿಲ್ಲ. ಇನ್ನೂ ದೊಡ್ಡ ಬದಲಾವಣೆ ಪ್ರಬಂಧದ ತಿರುಳಿನಲ್ಲಿ ಆಗಿದೆ. ಯೋಜನೆಯ ದಿನ ಅವಳು ‘ಗ್ರಂಥಾಲಯ ಎಲ್ಲರಿಗೂ ಉಪಯುಕ್ತ’ ಎಂದು ಬರೆದಿದ್ದಳು. ಈಗ ಆ ವಾಕ್ಯ ನಿಲ್ಲುವುದಿಲ್ಲ. ‘ಗ್ರಂಥಾಲಯ ಇದ್ದರೆ ಸಾಲದು, ಅದು ಹೆಣ್ಣುಮಕ್ಕಳಿಗೂ ಸಿಗುವಂತಿರಬೇಕು’ ಎಂದು ಅದನ್ನು ಬದಲಿಸಬೇಕು. ಅದು ಬದಲಾದರೆ ಉಳಿದ ಪ್ಯಾರಾಗಳನ್ನೂ ಮತ್ತೆ ಜೋಡಿಸಬೇಕು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಅಣ್ಣಂದಿರ ಪ್ಯಾರಾ ಮೊದಲು ಬಂದು, ಅಕ್ಕಂದಿರು ಅಲ್ಲಿ ಯಾಕಿಲ್ಲ ಎಂಬ ಪ್ಯಾರಾ ಅದರ ಹಿಂದೆ ಬರಬೇಕು. ಪರಿಷ್ಕರಣೆ ಎಂದರೆ ಇದು.

ಅಮೆರಿಕದ ನ್ಯಾನ್ಸಿ ಸಾಮರ್ಸ್ ಎಂಬ ಸಂಶೋಧಕಿ 1980ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಚಾರದಲ್ಲಿ ಇಂದಿಗೂ ಮುಖ್ಯ. ಕಾಲೇಜು ವಿದ್ಯಾರ್ಥಿಗಳು ಮತ್ತು ಅನುಭವಿ ಬರಹಗಾರರು ತಮ್ಮ ಕರಡುಗಳನ್ನು ಹೇಗೆ ಬದಲಿಸುತ್ತಾರೆ ಎಂದು ಅವರು ಹೋಲಿಸಿ ನೋಡಿದರು. ವಿದ್ಯಾರ್ಥಿಗಳ ಗಮನವೆಲ್ಲ ಪದಗಳ ಮೇಲಿತ್ತು: ಒಂದು ಪದ ತೆಗೆದು ಇನ್ನೊಂದು ಹಾಕುವುದು, ಪುನರುಕ್ತಿ ಅಳಿಸುವುದು. ಅನುಭವಿಗಳು ತಮ್ಮ ವಾದದ ಆಕಾರವನ್ನೇ ಹುಡುಕುತ್ತಿದ್ದರು, ಓದುಗನನ್ನು ಎದುರಿಗಿಟ್ಟುಕೊಂಡು ಇಡೀ ಬರಹವನ್ನು ನೋಡುತ್ತಿದ್ದರು. ನಮ್ಮ ಮಕ್ಕಳಲ್ಲೂ ಕಾಣುವುದು ಇದೇ. ‘ತಿದ್ದಿ ಬರೆಯಿರಿ’ ಎಂದರೆ ಅಕ್ಷರ ತಿದ್ದಿ ನೀಟಾಗಿ ಪ್ರತಿ ಮಾಡಿ ತರುತ್ತಾರೆ. ಹಾಗೆಂದರೆ ಅಷ್ಟೇ ಎಂದು ಅವರಿಗೆ ಕಲಿಸಿದವರು ನಾವೇ.

ಆದ್ದರಿಂದ ನಾಲ್ಕನೇ ಪೀರಿಯಡ್ಡನ್ನು ಎರಡು ಭಾಗ ಮಾಡಬೇಕು. ಮೊದಲ ಇಪ್ಪತ್ತೈದು ನಿಮಿಷ ಕಾಗುಣಿತ ಮುಟ್ಟುವಂತಿಲ್ಲ. ಚೀಟಿಯ ಪ್ರಶ್ನೆಗಳಿಗೆ ಉತ್ತರ ಸೇರಿಸುವುದು, ಯಾವ ಪ್ರಬಂಧದಲ್ಲಿ ಬೇಕಾದರೂ ಬರಬಹುದಾದ ವಾಕ್ಯ ತೆಗೆಯುವುದು, ಪ್ಯಾರಾಗಳ ಜಾಗ ಬದಲಿಸುವುದು, ಇಷ್ಟೇ ಕೆಲಸ. ಒಂದೇ ಮಗ್ಗುಲಲ್ಲಿ ಬರೆಸಿದ್ದು ಇದಕ್ಕಾಗಿಯೇ. ಹಾಳೆಯನ್ನು ಕತ್ತರಿಸಿ, ತುಂಡುಗಳನ್ನು ಬೆಂಚಿನ ಮೇಲೆ ಹಿಂದುಮುಂದು ಇಟ್ಟು ನೋಡಿ, ಗೋಂದು ಹಚ್ಚಿ ಅಂಟಿಸಬಹುದು. ಪ್ಯಾರಾವನ್ನು ಕೈಯಲ್ಲಿ ಹಿಡಿದು ಸರಿಸಿದ ಮಗುವಿಗೆ ಅದು ಸರಿಯುತ್ತದೆ ಎಂಬುದನ್ನು ಮತ್ತೆ ಹೇಳಿಕೊಡಬೇಕಾಗುವುದಿಲ್ಲ. ಉಳಿದ ಹದಿನೈದು ನಿಮಿಷ ಭಾಷೆಗೆ. ಸುತ್ತು ಹಾಕಿದ ಪದಗಳು, ಅಲ್ಪಪ್ರಾಣ–ಮಹಾಪ್ರಾಣ, ಅಕಾರ–ಹಕಾರ, ಕರ್ತೃವಿಗೆ ಹೊಂದದ ಕ್ರಿಯಾಪದ. ಪ್ರತಿ ಮಗುವೂ ತನ್ನ ಮೂರು ಮಾಮೂಲಿ ತಪ್ಪುಗಳನ್ನು ಪುಸ್ತಕದ ರಟ್ಟಿನ ಒಳಗೆ ಬರೆದಿಟ್ಟುಕೊಂಡು ಅವನ್ನಷ್ಟೇ ಹುಡುಕಿದರೆ ಸಾಕು. ಶುದ್ಧ ಪ್ರತಿ ಮನೆಯಲ್ಲಿ ಆಗಲಿ.

ಪರಿಷ್ಕರಣೆ ನಡೆದಿದೆಯೇ ಎಂದು ತಿಳಿಯಲು ಮೇಷ್ಟ್ರು ಎರಡೂ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರಾಯಿತು. ಅಷ್ಟೇ ವಾಕ್ಯಗಳು ಅದೇ ಕ್ರಮದಲ್ಲಿ ಇದ್ದರೆ ನಡೆದಿರುವುದು ನಕಲು ಮಾತ್ರ. ಅಂಥವರಿಗೆ ಪ್ರಬಂಧವನ್ನಲ್ಲ, ಪ್ರಶ್ನೆಗಳ ಚೀಟಿಯನ್ನು ಕೇಳಬೇಕು. ಸಾಮಾನ್ಯವಾಗಿ ದೋಷ ಚೀಟಿಯಲ್ಲೇ ಇರುತ್ತದೆ: ಪ್ರಶ್ನೆ ಮೊಂಡಾಗಿದ್ದರೆ ಬರಹ ಅಲುಗುವುದಿಲ್ಲ. ಪೀರಿಯಡ್ ಮುಗಿದ ಮೇಲೆ ಐವತ್ತು ಪ್ರಬಂಧ ಓದುವ ಬದಲು ಐವತ್ತು ಚೀಟಿ ಓದುವುದು ಹತ್ತು ಹದಿನೈದು ನಿಮಿಷದ ಕೆಲಸ. ತರಗತಿ ಎಲ್ಲಿದೆ ಎಂದು ಅಷ್ಟರಲ್ಲೇ ತಿಳಿಯುತ್ತದೆ.

ಈ ಕ್ರಮದಿಂದ ಎಲ್ಲವೂ ಆಗುವುದಿಲ್ಲ. ಒಂದು ಪೂರ್ತಿ ವಾಕ್ಯ ಬರೆಯಲು ಇನ್ನೂ ಹೆಣಗುವ ಮಕ್ಕಳು ಹತ್ತನೇ ತರಗತಿಯಲ್ಲೂ ಇದ್ದಾರೆ. ಗೆಳೆಯರ ಪ್ರಶ್ನೆ ಅವರ ಮೇಲೆ ಹೊರೆಯಾಗುತ್ತದೆ. ಅವರು ಬಾಯಲ್ಲಿ ಹೇಳಬೇಕು, ಜೊತೆಗಾರರು ಬರೆದುಕೊಳ್ಳಬೇಕು, ತಾವು ಹೇಳಿದ್ದನ್ನೇ ಅವರು ನೋಡಿ ಓದಬೇಕು. ಅದು ಬೇರೆಯೇ ಪಾಠ, ಅದಕ್ಕೆ ಬೇರೆ ಸಮಯ ಬೇಕು. ಇನ್ನು ವ್ಯಾಕರಣವನ್ನು ಮಕ್ಕಳು ಪರಸ್ಪರ ತಿದ್ದಿಕೊಳ್ಳಲಿ ಎಂದು ಬಿಟ್ಟರೆ ಸರಿಯಿದ್ದದ್ದೂ ತಪ್ಪಾಗುತ್ತದೆ. ಆ ಕೆಲಸ ಮೇಷ್ಟ್ರದ್ದೇ.

ಪೋರ್ಷನ್ ಮುಗಿಸುವುದು ಯಾವಾಗ ಎಂಬ ಪ್ರಶ್ನೆ ಬರುತ್ತದೆ, ನ್ಯಾಯವಾದ ಪ್ರಶ್ನೆಯೇ. ಪ್ರಥಮ ಭಾಷೆಯ 125 ಅಂಕಗಳಲ್ಲಿ ನೂರು ಲಿಖಿತ ಪರೀಕ್ಷೆಗೆ, ಅದರಲ್ಲಿ ಪ್ರಬಂಧದ ಪಾಲು ಬೆರಳೆಣಿಕೆಯಷ್ಟು. ಅದಕ್ಕಾಗಿ ನಾಲ್ಕು ಪೀರಿಯಡ್ ಪ್ರತಿ ತಿಂಗಳೂ ಬೇಕಿಲ್ಲ, ವರ್ಷಕ್ಕೆ ಎರಡು ಸಲ ಸಾಕು. ಉಳಿದ 25 ಆಂತರಿಕ ಅಂಕಗಳ ಚಟುವಟಿಕೆಯಾಗಿ ಕರಡು, ಚೀಟಿ, ಶುದ್ಧ ಪ್ರತಿ ಮೂರನ್ನೂ ಒಟ್ಟಿಗೆ ಪರಿಗಣಿಸಿದರೆ ಸಮಯ ಬೇರೆ ಹುಡುಕಬೇಕಾಗಿಲ್ಲ. ಪರೀಕ್ಷಾ ಕೊಠಡಿಯಲ್ಲಿ ಗೆಳತಿ ಇರುವುದಿಲ್ಲ, ಎರಡನೇ ಕರಡಿಗೆ ಹೊತ್ತೂ ಇರುವುದಿಲ್ಲ. ಆದರೆ ಎರಡು ಸಲ ಈ ದಾರಿ ನಡೆದ ಮಗು, ಉತ್ತರ ಪತ್ರಿಕೆಯ ಕೊನೆಯ ಪುಟದಲ್ಲಿ ಮೂರು ನಿಮಿಷ ಪಟ್ಟಿ ಮಾಡಿಕೊಳ್ಳುತ್ತದೆ, ಬರೆಯುತ್ತ ಬರೆಯುತ್ತ ‘ಯಾಕೆ?’, ‘ಎಲ್ಲಿ?’ ಎಂದು ತನ್ನನ್ನೇ ಕೇಳಿಕೊಳ್ಳುತ್ತದೆ. ಆ ಪ್ರಶ್ನೆ ಅದಕ್ಕೆ ಅಭ್ಯಾಸವಾಗಿರುತ್ತದೆ.

ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ. ದಸರಾ ರಜೆಗೆ ಮುಂಚೆ ಒಂದೇ ಒಂದು ಸೆಕ್ಷನ್ನಿನಲ್ಲಿ ಇದನ್ನು ಮಾಡಲು ಕನ್ನಡ ಶಿಕ್ಷಕರಿಗೆ ನಾಲ್ಕು ಪೀರಿಯಡ್ ಬಿಟ್ಟುಕೊಡಿ. ಪುಸ್ತಕ ತಪಾಸಣೆಗೆ ಬಂದಾಗ ಅಡ್ಡಗೆರೆ, ಸುತ್ತು, ಅಂಟಿಸಿದ ತುಂಡುಗಳಿರುವ ಕರಡನ್ನು ಗಲೀಜೆಂದು ಬೈಯಬೇಡಿ. ಶುದ್ಧ ಪ್ರತಿಗೆ ಅದನ್ನು ಪಿನ್ ಮಾಡಿಸಿ, ಎರಡನ್ನೂ ಓದಿದ ಮೇಲೆ ಸಹಿ ಹಾಕಿ.